ಸೇರ್ಪಡೆ ಶುಲ್ಕ ಹತ್ತು ವರ್ಷದ ಆದಾಯ, ರಾಯಲ್ಟಿ ಆಯಾ ತಿಂಗಳ ಆದಾಯ

ಪ್ರಶ್ನೆ: ದಾವಣಗೆರೆಯಲ್ಲಿ ನಮ್ಮದು ತಿಂಡಿ-ಕಾಫಿ ಹೋಟೆಲುಗಳ ಪ್ರೈವೇಟ್ ಲಿಮಿಟೆಡ್ ಕಂಪನಿ. ನಮ್ಮ ಹೆಸರನ್ನು ಫ್ರಾಂಚೈಸಿಗೆ ಕೊಡುತ್ತಿದ್ದೇವೆ. ಒಬ್ಬೊಬ್ಬರಿಂದ 12 ಲಕ್ಷ ರೂಪಾಯಿ ಸೇರ್ಪಡೆ ಶುಲ್ಕ, ಆಮೇಲೆ ತಿಂಗಳ ಮಾರಾಟದ ಮೇಲೆ ಶೇ 6 ರಾಯಲ್ಟಿ. ಒಪ್ಪಂದ 10 ವರ್ಷದ್ದು. ಶುಲ್ಕ ವಾಪಸ್ ಕೊಡುವಂಥದ್ದಲ್ಲ, ಹಾಗಾಗಿ ಬಂದ ವರ್ಷವೇ ಆದಾಯವೆಂದು ತೋರಿಸಿದ್ದೇವೆ. ಈಗ ಹೂಡಿಕೆದಾರರೊಬ್ಬರು ಇಂಡ್ ಎಎಸ್ ಎಂಬ ಲೆಕ್ಕಪತ್ರ ಮಾನದಂಡಗಳ ಪ್ರಕಾರ ಲೆಕ್ಕ ಕೇಳುತ್ತಿದ್ದಾರೆ, ಹೊಸ ಆಡಿಟರ್ ಶುಲ್ಕವನ್ನು ಹತ್ತು ವರ್ಷಕ್ಕೆ ಹಂಚಬೇಕು ಎನ್ನುತ್ತಾರೆ. ಹಣ ನಮ್ಮ ಕೈ ಸೇರಿದ ಮೇಲೆ ಹಂಚುವುದೇಕೆ? ರಾಯಲ್ಟಿಯನ್ನೂ ಹಾಗೆಯೇ ಹಂಚಬೇಕೇ?

ಉತ್ತರ: ನಿಮ್ಮ ಆಡಿಟರ್ ಹೇಳಿರುವುದು ಸರಿ, ಮತ್ತು ರಾಯಲ್ಟಿಯ ವಿಷಯದಲ್ಲಿ ಹಂಚುವ ಪ್ರಶ್ನೆಯೇ ಬರುವುದಿಲ್ಲ. ಆದರೆ "ಹತ್ತು ವರ್ಷಕ್ಕೆ ಹಂಚಿ" ಎಂಬ ಒಂದು ಮಾತಿನಲ್ಲಿ ಕೆಲಸ ಮುಗಿಯುವುದಿಲ್ಲ. ಯಾವ ಮೊತ್ತವನ್ನು ಹಂಚಬೇಕು, ಯಾವ ದಿನದಿಂದ ಹಂಚಬೇಕು, ಹತ್ತು ವರ್ಷವೇ ಸರಿಯಾದ ಅವಧಿಯೇ, ನಡುವೆ ಮಳಿಗೆ ಮುಚ್ಚಿದರೆ ಉಳಿದದ್ದು ಏನಾಗಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ನಿಮ್ಮ ಒಪ್ಪಂದದ ಷರತ್ತುಗಳಲ್ಲಿದೆ. ಆದ್ದರಿಂದ ಲೆಕ್ಕದ ಪುಸ್ತಕಕ್ಕಿಂತ ಮೊದಲು ಒಪ್ಪಂದವನ್ನು ಮುಂದಿಟ್ಟುಕೊಂಡು ಈ ಉತ್ತರವನ್ನು ಓದಬೇಕೆಂದು ಕೋರುತ್ತೇನೆ.

ಶುಲ್ಕ ವಾಪಸಾಗುವುದಿಲ್ಲ ಎಂಬ ಷರತ್ತು ಹಣ ಯಾರದು ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ, ಆದಾಯ ಯಾವಾಗ ಎಂಬ ಪ್ರಶ್ನೆಗೆ ಕೊಡುವುದಿಲ್ಲ. 2018ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ, ಆದಾಯದ ಲೆಕ್ಕಕ್ಕೆ ಸಂಬಂಧಿಸಿದ ಮಾನದಂಡ ಇಂಡ್ ಎಎಸ್ 115 ಕೇಳುವುದು ಇಷ್ಟೇ: ಈ ಹಣಕ್ಕೆ ಪ್ರತಿಯಾಗಿ ಗ್ರಾಹಕನಿಗೆ ಏನನ್ನು ಕೊಡುವುದಾಗಿ ಮಾತು ಕೊಟ್ಟಿದ್ದೀರಿ, ಅದು ಅವನ ಕೈಗೆ ಯಾವಾಗ ಸೇರುತ್ತದೆ? ಇಲ್ಲಿ ಗ್ರಾಹಕನೆಂದರೆ ತಿಂಡಿ ತಿನ್ನಲು ಬರುವವನಲ್ಲ, ಫ್ರಾಂಚೈಸಿ ಪಡೆದವನು. ಅವನು 12 ಲಕ್ಷ ಕೊಟ್ಟು ಪಡೆಯುವುದು ನಿಮ್ಮ ಹೆಸರು, ಫಲಕ, ಪಾಕವಿಧಾನ ಮತ್ತು ನಡೆಸುವ ಪದ್ಧತಿಯನ್ನು ಹತ್ತು ವರ್ಷ ಬಳಸುವ ಹಕ್ಕನ್ನು. ಮನೆಯ ಮಾಲೀಕ ಹತ್ತು ವರ್ಷದ ಬಾಡಿಗೆಯ ಒಂದು ಭಾಗವನ್ನು ಮುಂಗಡವಾಗಿಯೇ ಪಡೆದರೆ ಅದು ಮೊದಲ ವರ್ಷದ ಬಾಡಿಗೆ ಆಗದಂತೆ, ಇದೂ ಮೊದಲ ವರ್ಷದ ಆದಾಯ ಆಗುವುದಿಲ್ಲ.

ಎಲ್ಲ ಪರವಾನಗಿಗಳೂ ಹೀಗೆ ಕಾಲಕ್ರಮದಲ್ಲಿ ಆದಾಯವಾಗುವುದಿಲ್ಲ ಎಂಬುದನ್ನು ಇಲ್ಲಿ ಹೇಳಲೇಬೇಕು. ಸಿದ್ಧವಾದ ಒಂದು ಸಾಫ್ಟ್‌ವೇರನ್ನು ಬಳಸಲು ಪರವಾನಗಿ ಕೊಟ್ಟು, ಆಮೇಲೆ ಅದರಲ್ಲಿ ಏನನ್ನೂ ಬದಲಿಸುವ ಉದ್ದೇಶವಿಲ್ಲದಿದ್ದರೆ, ಪರವಾನಗಿಯ ಅವಧಿ ಐದು ವರ್ಷವಿದ್ದರೂ ಆದಾಯ ಒಂದೇ ಸಲ ಬರುತ್ತದೆ, ಏಕೆಂದರೆ ಕೊಡಬೇಕಾದ್ದನ್ನು ಮೊದಲ ದಿನವೇ ಕೊಟ್ಟಾಗಿದೆ. ಬ್ರ್ಯಾಂಡಿನ ಹೆಸರು ಹಾಗಲ್ಲ. ನೀವು ಮೆನುವಿಗೆ ಹೊಸ ತಿಂಡಿ ಸೇರಿಸುವುದು, ಜಾಹೀರಾತು ಮಾಡುವುದು, ಮಳಿಗೆಗಳ ರುಚಿ ಮತ್ತು ಸ್ವಚ್ಛತೆಯನ್ನು ಪರೀಕ್ಷಿಸುವುದು ಇವೆಲ್ಲ ಆ ಹೆಸರಿನ ಬೆಲೆಯನ್ನು ಏರಿಸುತ್ತವೆ, ಬಿಟ್ಟರೆ ಇಳಿಸುತ್ತವೆ, ಮತ್ತು ಆ ಏರಿಳಿತದ ಪರಿಣಾಮ ನೇರವಾಗಿ ಫ್ರಾಂಚೈಸಿಯ ಗಲ್ಲಾಪೆಟ್ಟಿಗೆಗೆ ತಟ್ಟುತ್ತದೆ. ನಿಮ್ಮದೇ ಒಂದು ಹೋಟೆಲಿನಲ್ಲಿ ಸಾಂಬಾರಿನ ಬಗ್ಗೆ ದೂರು ಬಂದು ಅದು ಮೊಬೈಲುಗಳಲ್ಲಿ ಹರಿದಾಡಿದರೆ ಹರಿಹರದ ಫ್ರಾಂಚೈಸಿಯ ಮಾರಾಟವೂ ಕುಸಿಯುತ್ತದೆ. ಮಾನದಂಡದ ಬಿ58ನೇ ಪ್ಯಾರಾ ಹುಡುಕುವುದು ಇದನ್ನೇ: ಪರವಾನಗಿ ಕೊಟ್ಟವನ ಮುಂದಿನ ಚಟುವಟಿಕೆಗಳು ಹೆಸರಿನ ಮೌಲ್ಯವನ್ನು ಗಣನೀಯವಾಗಿ ಬದಲಿಸುತ್ತವೆಯೇ, ಅದರ ಒಳಿತು ಕೆಡಕು ಪರವಾನಗಿ ಪಡೆದವನಿಗೆ ತಟ್ಟುತ್ತದೆಯೇ, ಮತ್ತು ಆ ಚಟುವಟಿಕೆಗಳು ತಾವೇ ಅವನಿಗೆ ಪ್ರತ್ಯೇಕ ಸೇವೆಯಾಗಿ ಸಲ್ಲುತ್ತಿಲ್ಲವೇ. ಮೂರಕ್ಕೂ ಹೌದು ಎಂದಾದರೆ ಆದಾಯ ಅವಧಿಯುದ್ದಕ್ಕೂ ಹರಡುತ್ತದೆ. ಹೋಟೆಲು ಫ್ರಾಂಚೈಸಿ ಇದಕ್ಕೆ ಸರಿಹೊಂದುವ ಉದಾಹರಣೆ.

ಹಾಗಾದರೆ ಬಂದ ವರ್ಷವೇ ಆದಾಯ ಎಂಬ ರೂಢಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಅಮೆರಿಕದಲ್ಲಿ 1981ರಲ್ಲಿ ಬಂದ ಎಸ್‌ಎಫ್‌ಎಎಸ್ 45 ಎಂಬ ಮಾನದಂಡದ ಪ್ರಕಾರ, ಫ್ರಾಂಚೈಸರ್ ತನ್ನ ಆರಂಭದ ಕೆಲಸಗಳನ್ನು ಬಹುಮಟ್ಟಿಗೆ ಮುಗಿಸಿದಾಗ, ಅಂದರೆ ಸಾಮಾನ್ಯವಾಗಿ ಮಳಿಗೆ ತೆರೆದ ದಿನ, ಆರಂಭದ ಶುಲ್ಕ ಪೂರ್ತಿ ಆದಾಯವಾಗುತ್ತಿತ್ತು. ಅಲ್ಲಿನ ದೊಡ್ಡ ಹೋಟೆಲು ಕಂಪನಿಗಳೇ 2018ರಲ್ಲಿ ಆ ಪದ್ಧತಿಯನ್ನು ಬಿಟ್ಟು ಒಪ್ಪಂದದ ಅವಧಿಗೆ ಹಂಚಲು ಆರಂಭಿಸಿದವು. ಆಮೇಲೆ 2021ರ ಜನವರಿಯಲ್ಲಿ ಅಲ್ಲಿನ ಮಾನದಂಡ ಮಂಡಳಿಯು, ಷೇರುಪೇಟೆಯಲ್ಲಿಲ್ಲದ ಫ್ರಾಂಚೈಸರ್‌ಗಳು ಮಳಿಗೆ ತೆರೆಯುವ ಮುಂಚಿನ ಕೆಲವು ಸೇವೆಗಳನ್ನು ಪರವಾನಗಿಯಿಂದ ಬೇರೆಯಾಗಿ ಕಾಣಬಹುದೆಂಬ ಸಡಿಲಿಕೆ ಕೊಟ್ಟಿತು. ಇಂಡ್ ಎಎಸ್ 115ರಲ್ಲಿ ಆ ಸಡಿಲಿಕೆ ಇಲ್ಲ. ಅಂತರ್ಜಾಲದಲ್ಲಿ ಸಿಗುವ ಅಮೆರಿಕದ ಮಾದರಿ ಲೆಕ್ಕಗಳನ್ನು ನೋಡಿ ಶುಲ್ಕದ ದೊಡ್ಡ ಭಾಗವನ್ನು "ತರಬೇತಿ ಆದಾಯ" ಎಂದು ಮೊದಲ ವರ್ಷಕ್ಕೆ ಎಳೆದುಕೊಂಡ ಲೆಕ್ಕಪತ್ರಗಳನ್ನು ನಾನು ಪರಿಶೀಲನೆಯ ಹಂತದಲ್ಲಿ ಕಂಡಿದ್ದೇನೆ. ಹೂಡಿಕೆದಾರರ ತಂಡ ಮೊದಲು ಕೈಯಿಡುವುದೂ ಅಲ್ಲಿಗೇ.

ತರಬೇತಿಯನ್ನು ಬೇರೆ ಮಾಡಬಹುದೇ ಎಂಬುದು ನಿಜಕ್ಕೂ ಯೋಚಿಸಬೇಕಾದ ವಿಷಯ. ಫ್ರಾಂಚೈಸಿಯ ಅಡುಗೆಯವರಿಗೆ ನೀವು ಮೂರು ವಾರ ಕಲಿಸುವುದು ನಿಮ್ಮದೇ ಚಟ್ನಿಪುಡಿಯ ಅಳತೆ, ನಿಮ್ಮದೇ ಹಿಟ್ಟಿನ ಹದ, ನಿಮ್ಮ ಫಿಲ್ಟರ್ ಕಾಫಿಯ ಡಿಕಾಕ್ಷನ್ ತೆಗೆಯುವ ಕ್ರಮ ಆಗಿದ್ದರೆ, ಆ ತರಬೇತಿಯಿಂದ ನಿಮ್ಮ ಹೆಸರಿಲ್ಲದೆ ಅವನಿಗೆ ಉಪಯೋಗವಿಲ್ಲ, ಆ ತರಬೇತಿಯಿಲ್ಲದೆ ನಿಮ್ಮ ಹೆಸರನ್ನು ಅವನು ಬಳಸಲೂ ಆಗುವುದಿಲ್ಲ. ಎರಡೂ ಒಂದಕ್ಕೊಂದು ಹೆಣೆದುಕೊಂಡ ಒಂದೇ ಭರವಸೆ, ಆದ್ದರಿಂದ ಒಂದೇ ಅವಧಿಗೆ ಹೋಗುತ್ತವೆ. ಆದರೆ ನೀವು ಅಡುಗೆಮನೆಯ ಯಂತ್ರಗಳನ್ನೂ ಒದಗಿಸುತ್ತಿದ್ದರೆ ಅದರ ಮಾತು ಬೇರೆ. ಇಡ್ಲಿ ಸ್ಟೀಮರ್, ವೆಟ್ ಗ್ರೈಂಡರ್, ದೋಸೆ ಕಾವಲಿಗಳನ್ನು ಯಾವ ವ್ಯಾಪಾರಿಯಿಂದಲಾದರೂ ಕೊಳ್ಳಬಹುದು, ನಾಳೆ ಫ್ರಾಂಚೈಸಿ ನಿಮ್ಮನ್ನು ಬಿಟ್ಟರೂ ಅವನು ಅವನ್ನು ಬಳಸಬಹುದು, ಮಾರಲೂಬಹುದು. ಅವು ಪ್ರತ್ಯೇಕ ಮಾರಾಟ, ಒಪ್ಪಿಸಿದ ದಿನವೇ ಆದಾಯ.

ಈಗ ನಿಮ್ಮ ಅಂಕಿಗಳನ್ನೇ ಇಟ್ಟುಕೊಂಡು ಒಂದು ಮಳಿಗೆಯ ಲೆಕ್ಕವನ್ನು ಕೊನೆಯವರೆಗೆ ನೋಡೋಣ. ದಿನಾಂಕಗಳನ್ನೂ ಯಂತ್ರಗಳ ಬೆಲೆಯನ್ನೂ ನಾನು ಊಹಿಸಿಕೊಂಡಿದ್ದೇನೆ, ನಿಮ್ಮವನ್ನು ಅಲ್ಲಿ ಹಾಕಿಕೊಳ್ಳಿ. ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಜೂನ್ 10ರಂದು. ಒಪ್ಪಂದದ ಒಟ್ಟು ಮೊತ್ತ 18 ಲಕ್ಷ, ಅದರಲ್ಲಿ ಯಂತ್ರಗಳೂ ಸೇರಿವೆ. ಯಂತ್ರಗಳನ್ನು ಬೇರೆಯಾಗಿ ಮಾರಿದರೆ ಬೆಲೆ 6 ಲಕ್ಷ, ಯಂತ್ರ ಬೇಡವೆಂದವರಿಗೆ ನೀವು 12 ಲಕ್ಷಕ್ಕೇ ಫ್ರಾಂಚೈಸಿ ಕೊಡುತ್ತೀರಿ. ಎರಡೂ ಬೆಲೆಗಳಿಗೆ ನೇರ ಆಧಾರ ಇರುವುದರಿಂದ ಹಂಚಿಕೆ ಸುಲಭ: 6 ಲಕ್ಷ ಯಂತ್ರಗಳಿಗೆ, 12 ಲಕ್ಷ ಪರವಾನಗಿಗೆ. ಒಟ್ಟು ಮೊತ್ತದಲ್ಲಿ ರಿಯಾಯಿತಿ ಕೊಟ್ಟಿದ್ದರೆ, ಉದಾಹರಣೆಗೆ ಒಟ್ಟಿಗೆ 16.2 ಲಕ್ಷ ಎಂದಿದ್ದರೆ, ಸಾಮಾನ್ಯವಾಗಿ ಎರಡರಿಂದಲೂ ಶೇ 10ರಂತೆ ಕಡಿಮೆ ಮಾಡಿ 5.4 ಮತ್ತು 10.8 ಲಕ್ಷ ಎಂದು ಹಂಚಬೇಕಾಗುತ್ತಿತ್ತು. ಯಂತ್ರದ ಬಿಲ್ಲಿನಲ್ಲಿ ನೀವು ಬರೆದ ಬೆಲೆ ಇಲ್ಲಿ ನಿರ್ಣಾಯಕವಲ್ಲ, ಬೇರೆಯಾಗಿ ಮಾರಿದರೆ ಸಿಗುವ ಬೆಲೆ ನಿರ್ಣಾಯಕ. ಯಂತ್ರದ ಬೆಲೆಯನ್ನು ಬಿಲ್ಲಿನಲ್ಲಿ ಉಬ್ಬಿಸಿ ಆದಾಯವನ್ನು ಮುಂಚೆಯೇ ತರುವ ದಾರಿ ಹೀಗೆ ಮುಚ್ಚುತ್ತದೆ.

12 ಲಕ್ಷದ ಮೇಲೆ ಶೇ 18 ಜಿಎಸ್‌ಟಿ 2,16,000 ರೂಪಾಯಿ. ಫ್ರಾಂಚೈಸಿಯು ರಾಯಲ್ಟಿ ಸ್ವರೂಪದ ಪಾವತಿ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 194ಜೆ ಪ್ರಕಾರ ಶೇ 10ರಂತೆ 1,20,000 ಟಿಡಿಎಸ್ ಕಡಿದು ಉಳಿದ 12,96,000ವನ್ನು ಬ್ಯಾಂಕಿಗೆ ಹಾಕಿದ. ಆ ದಿನದ ಜರ್ನಲ್ ನಮೂದಿನಲ್ಲಿ ಬ್ಯಾಂಕಿಗೆ 12,96,000 ಮತ್ತು ಟಿಡಿಎಸ್ ಬಾಕಿಗೆ 1,20,000 ಡೆಬಿಟ್, ಜಿಎಸ್‌ಟಿ ಪಾವತಿಗೆ 2,16,000 ಮತ್ತು ಒಪ್ಪಂದದ ಹೊಣೆ ಎಂಬ ಖಾತೆಗೆ 12,00,000 ಕ್ರೆಡಿಟ್ ಬೀಳುತ್ತದೆ. ಆದಾಯದ ಖಾತೆ ಈ ನಮೂದಿನಲ್ಲಿ ಎಲ್ಲಿಯೂ ಬರಲಿಲ್ಲ ಎಂಬುದನ್ನು ಗಮನಿಸಿ. ಯಂತ್ರಗಳ 6 ಲಕ್ಷದ ಬಿಲ್ಲು ಬೇರೆಯೇ ಆಗಿ, ಆಗಸ್ಟ್ 20ರಂದು ಅವನ್ನು ಅಳವಡಿಸಿ ಒಪ್ಪಿಸಿದಾಗ ಮಾರಾಟವಾಗಿ ದಾಖಲಾಗುತ್ತದೆ.

ಹಂಚಿಕೆ ಯಾವ ದಿನದಿಂದ ಎಂಬಲ್ಲಿ ಬಹಳ ಮಂದಿ ಎಡವುತ್ತಾರೆ. ಸಹಿ ಬಿದ್ದ ದಿನದಿಂದಲೂ ಅಲ್ಲ, ಹಣ ಬಂದ ದಿನದಿಂದಲೂ ಅಲ್ಲ. ಬಿ61ನೇ ಪ್ಯಾರಾ ಪ್ರಕಾರ ಗ್ರಾಹಕನು ಪರವಾನಗಿಯನ್ನು ಬಳಸಿ ಪ್ರಯೋಜನ ಪಡೆಯಲು ಸಾಧ್ಯವಾಗುವ ದಿನಕ್ಕಿಂತ ಮೊದಲು ಆದಾಯ ತೋರಿಸುವಂತಿಲ್ಲ. ನಿಮ್ಮ ಒಪ್ಪಂದದಲ್ಲಿ "ಮಳಿಗೆ ತೆರೆದ ದಿನದಿಂದ ಹತ್ತು ವರ್ಷ" ಎಂದಿದ್ದು, ಮಳಿಗೆ 2024ರ ಸೆಪ್ಟೆಂಬರ್ 1ರಂದು ತೆರೆದರೆ, 120 ತಿಂಗಳಿಗೆ ತಿಂಗಳಿಗೆ 10,000 ರೂಪಾಯಿ. 2025ರ ಮಾರ್ಚ್ 31ಕ್ಕೆ ಏಳು ತಿಂಗಳಾಗಿ 70,000 ಆದಾಯ, 11,30,000 ಹೊಣೆ. ಆ ಹೊಣೆಯಲ್ಲಿ ಮುಂದಿನ ಹನ್ನೆರಡು ತಿಂಗಳಿಗೆ ಸೇರಿದ 1,20,000 ಚಾಲ್ತಿ ಹೊಣೆಯಡಿ, ಉಳಿದ 10,10,000 ದೀರ್ಘಾವಧಿಯ ಹೊಣೆಯಡಿ ಬ್ಯಾಲೆನ್ಸ್ ಶೀಟಿನಲ್ಲಿ ಕೂರುತ್ತದೆ. ಒಪ್ಪಂದದಲ್ಲಿ "ಸಹಿ ಮಾಡಿದ ದಿನದಿಂದ ಹತ್ತು ವರ್ಷ" ಎಂದಿದ್ದರೆ ಅದು 2034ರ ಜೂನ್ 9ಕ್ಕೆ ಮುಗಿಯುತ್ತದೆ, ಆಗ ಅದೇ 12 ಲಕ್ಷವನ್ನು ಸೆಪ್ಟೆಂಬರ್ 1ರಿಂದ ಜೂನ್ 9ರವರೆಗಿನ ಕಡಿಮೆ ಅವಧಿಗೆ, ಅಂದರೆ ಸುಮಾರು 117 ತಿಂಗಳಿಗೆ ಹಂಚಬೇಕು. ಇನ್ನೊಂದು ಸೂಕ್ಷ್ಮ ಇದೆ. ನೀವು ಪರಿಶೀಲನೆ ಮುಗಿಸಿ ತೆರೆಯಲು ಅನುಮತಿ ಕೊಟ್ಟ ಮೇಲೂ ಫ್ರಾಂಚೈಸಿ ತನ್ನದೇ ಕಾರಣಕ್ಕೆ, ಒಳ್ಳೆಯ ಮುಹೂರ್ತಕ್ಕಾಗಿ ಎಂದುಕೊಳ್ಳಿ, ಎರಡು ತಿಂಗಳು ಕಾದರೆ, ಬಳಸುವ ಶಕ್ತಿ ಅವನಿಗೆ ಅನುಮತಿ ಸಿಕ್ಕ ದಿನವೇ ಬಂದಿತ್ತೇ ಎಂದು ಕೇಳಿಕೊಳ್ಳಬೇಕು. ಒಪ್ಪಂದದ ಅವಧಿಯೂ ಆ ದಿನದಿಂದಲೇ ಓಡುತ್ತಿದ್ದರೆ ಹಂಚಿಕೆಯೂ ಆ ದಿನದಿಂದಲೇ. ಆದ್ದರಿಂದ ಪ್ರತಿ ಮಳಿಗೆಗೂ ಸಹಿಯ ದಿನ, ಅನುಮತಿಯ ದಿನ, ತೆರೆದ ದಿನ ಮೂರನ್ನೂ ಬರೆದಿಟ್ಟ ಒಂದು ಪಟ್ಟಿ ನಿಮ್ಮ ಬಳಿ ಇರಬೇಕು. ಆಡಿಟರ್ ಮೊದಲು ಕೇಳುವುದೂ ಅದನ್ನೇ.

ಜಾಗ ಸಿಗದಿದ್ದರೆ ಅಥವಾ ಆರು ತಿಂಗಳಲ್ಲಿ ಮಳಿಗೆ ತೆರೆಯದಿದ್ದರೆ ಶುಲ್ಕದ ಒಂದು ಭಾಗವನ್ನು ಮರಳಿಸುತ್ತೇವೆ ಎಂಬ ಷರತ್ತು ಅನೇಕ ಒಪ್ಪಂದಗಳ ಕೊನೆಯ ಪುಟಗಳಲ್ಲಿ ಇರುತ್ತದೆ. ನಿಮ್ಮದರಲ್ಲೂ ಇದ್ದರೆ, ಮರಳಿಸಬೇಕಾಗಬಹುದೆಂದು ನೀವು ನಿರೀಕ್ಷಿಸುವಷ್ಟು ಮೊತ್ತ ಮಳಿಗೆ ತೆರೆಯುವವರೆಗೆ ಮರುಪಾವತಿಯ ಹೊಣೆಯಾಗಿ ನಿಲ್ಲಬೇಕು. "ವಾಪಸ್ ಕೊಡುವಂಥದ್ದಲ್ಲ" ಎಂದು ನೀವು ಬರೆದಿರುವುದರಿಂದ ಒಮ್ಮೆ ಅದನ್ನು ಓದಿ ಖಚಿತಪಡಿಸಿಕೊಳ್ಳಿ.

ಹತ್ತು ವರ್ಷವೇ ಸರಿಯಾದ ಅವಧಿಯೇ ಎಂಬುದಕ್ಕೆ ನವೀಕರಣದ ಷರತ್ತನ್ನು ನೋಡಬೇಕು. ಹತ್ತು ವರ್ಷದ ನಂತರ ಆಗ ಹೊಸಬರಿಗೆ ಎಷ್ಟು ಶುಲ್ಕವೋ ಅಷ್ಟನ್ನೇ ಕೊಟ್ಟು ಮುಂದುವರಿಸಬಹುದು ಎಂದಿದ್ದರೆ ಹತ್ತು ವರ್ಷ ಸರಿ. ಆದರೆ ಕೇವಲ 2 ಲಕ್ಷ ಕೊಟ್ಟು ಇನ್ನೂ ಹತ್ತು ವರ್ಷ ಮುಂದುವರಿಸಬಹುದು ಎಂದಿದ್ದರೆ, ಹೊಸಬರು 12 ಲಕ್ಷ ಕೊಡುವಾಗ ಹಳಬನಿಗೆ ಸಿಗುವ ಈ ಅಗ್ಗದ ಅವಕಾಶಕ್ಕೆ ಅವನು ಮೊದಲೇ ಹಣ ಕೊಟ್ಟಿದ್ದಾನೆ ಎಂದೇ ಅರ್ಥ. ಈಗಿನ 12 ಲಕ್ಷದಲ್ಲಿ ಒಂದು ಪಾಲು ಎರಡನೆಯ ಹತ್ತು ವರ್ಷಕ್ಕೆ ಸೇರಿದ್ದಾಗಿರುತ್ತದೆ, ಅದು ಅಲ್ಲಿಯವರೆಗೆ ಹೊಣೆಯಾಗಿಯೇ ಉಳಿಯಬೇಕು. ಫ್ರಾಂಚೈಸಿಯನ್ನು ಒಲಿಸಲು ನವೀಕರಣ ಶುಲ್ಕವನ್ನು ಕೈಬಿಡುವ ಮಾರಾಟ ವಿಭಾಗದವರು ಲೆಕ್ಕದ ಅವಧಿಯನ್ನೂ ಉದ್ದ ಮಾಡುತ್ತಿರುತ್ತಾರೆ, ಇದು ಲೆಕ್ಕ ವಿಭಾಗಕ್ಕೆ ತಿಳಿಯುವುದು ಎಷ್ಟೋ ಸಲ ವರ್ಷ ಮುಗಿದ ಮೇಲೆ.

ಹತ್ತು ವರ್ಷದ ಹಣವನ್ನು ಮೊದಲೇ ಪಡೆದರೆ ಅದರಲ್ಲಿ ಬಡ್ಡಿಯ ಅಂಶವಿಲ್ಲವೇ ಎಂದು ಚುರುಕಾದ ಹೂಡಿಕೆದಾರರು ಕೇಳುತ್ತಾರೆ. ಸೇರ್ಪಡೆ ಶುಲ್ಕವನ್ನು ಮುಂಗಡವಾಗಿ ಪಡೆಯುವುದು ಸಾಮಾನ್ಯವಾಗಿ ಸಾಲದ ಉದ್ದೇಶದಿಂದಲ್ಲ, ಫ್ರಾಂಚೈಸಿ ತನ್ನ ಹಣ ತೊಡಗಿಸಿ ಒಪ್ಪಂದಕ್ಕೆ ಕಟ್ಟುಬೀಳಲಿ ಎಂದು. ಅಂಥ ಕಾರಣವಿದ್ದಾಗ ಬಡ್ಡಿಯನ್ನು ಬೇರ್ಪಡಿಸಬೇಕಿಲ್ಲ, ಆದರೆ ಆ ಕಾರಣವನ್ನು ಬರೆದಿಟ್ಟುಕೊಳ್ಳಬೇಕು. ಈಗಲೇ 12 ಲಕ್ಷ, ಇಲ್ಲವೇ ವರ್ಷಕ್ಕೆ 1.8 ಲಕ್ಷದಂತೆ ಹತ್ತು ವರ್ಷ ಎಂಬ ಆಯ್ಕೆಯನ್ನು ನೀವೇ ಕೊಟ್ಟಿದ್ದರೆ ಮಾತ್ರ ಬಡ್ಡಿಯಿಲ್ಲ ಎಂಬ ವಾದ ನಿಲ್ಲುವುದು ಕಷ್ಟ, ಏಕೆಂದರೆ ಎರಡರ ನಡುವಿನ 6 ಲಕ್ಷವೇ ಬಡ್ಡಿಯ ಸಾಕ್ಷಿ.

ರಾಯಲ್ಟಿಗೆ ಬರೋಣ. ಮಾರಾಟವನ್ನು ಆಧರಿಸಿದ ರಾಯಲ್ಟಿಗೆ ಮಾನದಂಡದಲ್ಲಿ ಪ್ರತ್ಯೇಕ ನಿಯಮವಿದೆ, ಅದು ಬಿ63. ಇತರ ಅನಿಶ್ಚಿತ ಮೊತ್ತಗಳಂತೆ ಹತ್ತು ವರ್ಷದ ರಾಯಲ್ಟಿಯನ್ನು ಮೊದಲೇ ಅಂದಾಜು ಮಾಡಿ ಹಂಚಬೇಕಿಲ್ಲ, ಮಾಡಲೂಬಾರದು. ಫ್ರಾಂಚೈಸಿಯ ಗಲ್ಲಾದಲ್ಲಿ ಮಾರಾಟ ನಡೆದಾಗ ನಿಮ್ಮ ಶೇ 6 ಆದಾಯವಾಗುತ್ತದೆ. ಹೆಸರನ್ನು ಬಳಸಲು ಬಿಡುವ ನಿಮ್ಮ ಕೆಲಸ ಅದೇ ತಿಂಗಳಲ್ಲಿ ನಡೆಯುತ್ತಿರುವುದರಿಂದ ಬೇರೆ ಏನನ್ನೂ ಕಾಯಬೇಕಿಲ್ಲ. ಸೆಪ್ಟೆಂಬರಿನಲ್ಲಿ ಜಿಎಸ್‌ಟಿ ಬಿಟ್ಟು 9,00,000 ಮಾರಾಟವಾದರೆ 54,000, ಅಷ್ಟೇ.

ತಪ್ಪಾಗುವುದು ಮಾರ್ಚ್ ತಿಂಗಳಲ್ಲಿ. ಮಾರಾಟದ ವರದಿ ಏಪ್ರಿಲ್ 10ಕ್ಕೆ ಬರುತ್ತದೆ, ಬಿಲ್ಲು ಏಪ್ರಿಲ್ 12ಕ್ಕೆ ಆಗುತ್ತದೆ, ಹಾಗಾಗಿ ಮಾರ್ಚ್ ರಾಯಲ್ಟಿ ಹೊಸ ವರ್ಷಕ್ಕೆ ಜಾರುತ್ತದೆ. ನಿಯಮ ಹೇಳುವುದು ಮಾರಾಟ ನಡೆದ ದಿನವನ್ನು, ವರದಿ ಬಂದ ದಿನವನ್ನಲ್ಲ. ಮಾರ್ಚಿನಲ್ಲಿ 11,40,000 ಮಾರಾಟವಾಗಿದ್ದರೆ 68,400 ರೂಪಾಯಿ ಮಾರ್ಚ್ 31ಕ್ಕೇ ಆದಾಯ, ಎದುರಿಗೆ ಬಿಲ್ಲಾಗದ ಬಾಕಿ. ಲೆಕ್ಕ ಮುಚ್ಚುವ ಹೊತ್ತಿಗೂ ವರದಿ ಬರದ ಮಳಿಗೆಗೆ ಬಿಲ್ಲಿಂಗ್ ಯಂತ್ರದ ದತ್ತಾಂಶ, ನೀವು ಸರಬರಾಜು ಮಾಡಿದ ಕಾಫಿಪುಡಿ ಮತ್ತು ಮಸಾಲೆಯ ತೂಕ ಇವುಗಳಿಂದ ಅಂದಾಜು ಮಾಡಬೇಕು. ಮಾರಾಟವನ್ನು ಕಡಿಮೆ ತೋರಿಸುವ ಫ್ರಾಂಚೈಸಿಯನ್ನು ಹಿಡಿಯುವುದೂ ಇದೇ ತಾಳೆಯಿಂದ. ಹನ್ನೆರಡು ತಿಂಗಳು ಒಂದೇ ಪ್ರಮಾಣದಲ್ಲಿ ಕಾಫಿಪುಡಿ ಹೋಗುತ್ತಿದ್ದು ಘೋಷಿತ ಮಾರಾಟ ಮಾತ್ರ ಇಳಿಯುತ್ತಿದ್ದರೆ, ಒಪ್ಪಂದದಲ್ಲಿರುವ ಲೆಕ್ಕ ತಪಾಸಣೆಯ ಹಕ್ಕನ್ನು ಬಳಸುವ ಸಮಯ ಬಂದಿದೆ ಎಂದು ತಿಳಿಯಬೇಕು.

ವರ್ಷಕ್ಕೆ ಕನಿಷ್ಠ ಇಷ್ಟು ರಾಯಲ್ಟಿ ಎಂಬ ಷರತ್ತು ಇದ್ದರೆ ಇನ್ನೊಂದು ಮಾತು ಸೇರುತ್ತದೆ. ಕನಿಷ್ಠ ಮೊತ್ತ ಮಾರಾಟವನ್ನು ಅವಲಂಬಿಸಿಲ್ಲ, ಅದು ಖಚಿತವಾದದ್ದು, ಆದ್ದರಿಂದ ಬಿ63ರ ವಿನಾಯಿತಿ ಅದಕ್ಕೆ ತಾನಾಗಿಯೇ ಸಲ್ಲುವುದಿಲ್ಲ. ಸೆಪ್ಟೆಂಬರಿನಿಂದ ಆಗಸ್ಟ್‌ವರೆಗಿನ ಒಪ್ಪಂದದ ವರ್ಷಕ್ಕೆ ಕನಿಷ್ಠ 6 ಲಕ್ಷ ಎಂದಿದೆ ಎನ್ನೋಣ. ವರ್ಷಕ್ಕೆ 1.2 ಕೋಟಿ ಮಾರಾಟದ ನಿರೀಕ್ಷೆಯಿರುವ ಮಳಿಗೆಯಲ್ಲಿ ರಾಯಲ್ಟಿ 7.2 ಲಕ್ಷ ಆಗಿ ಕನಿಷ್ಠವನ್ನು ದಾಟುವುದರಿಂದ ಮಾರಾಟ ನಡೆದಂತೆ ಆದಾಯ ತೋರಿಸುತ್ತಾ ಹೋದರೆ ಸಾಕು. ಮಾರಾಟ ಮಂದವಾಗಿ ಮೊದಲ ಏಳು ತಿಂಗಳಲ್ಲಿ 45 ಲಕ್ಷ ಮಾತ್ರ ಆಗಿರುವ, ಕನಿಷ್ಠವನ್ನು ಮುಟ್ಟುವ ಸೂಚನೆಯಿಲ್ಲದ ಮಳಿಗೆಯಲ್ಲಿ ಶೇ 6ರಂತೆ 2,70,000 ಮಾತ್ರ ಬರುತ್ತದೆ, ಆದರೆ ಖಚಿತ ಮೊತ್ತದ ಏಳು ತಿಂಗಳ ಪಾಲು 3,50,000. ಮಾರ್ಚ್ 31ಕ್ಕೆ 3,50,000 ತೋರಿಸುವುದು ಸರಿ. ಕೊರತೆಯ ಮೊತ್ತವನ್ನು ಆಗಸ್ಟಿನಲ್ಲಿ ಒಂದೇ ಬಿಲ್ಲಾಗಿ ಕಳಿಸಿದಾಗ ಆದಾಯ ತೋರಿಸುವ ಪದ್ಧತಿ ತಪ್ಪು. ಹಾಗೆಯೇ ಅಂಥ ಮಳಿಗೆಯಿಂದ ಆ ಹಣ ನಿಜಕ್ಕೂ ಬರುತ್ತದೆಯೇ ಎಂಬ ಪ್ರಶ್ನೆಯನ್ನು ಅಲ್ಲಿಯೇ ಎದುರಿಸಬೇಕು, ಬರುವ ಸಂಭವ ಕಡಿಮೆಯಾದಂತೆ ಬಾಕಿಯ ಮೇಲಿನ ನಷ್ಟಕ್ಕೆಂದು ಮೊತ್ತ ತೆಗೆದಿರಿಸಬೇಕು.

ಮಧ್ಯವರ್ತಿಗೆ ಫ್ರಾಂಚೈಸಿ ತಂದುಕೊಟ್ಟದ್ದಕ್ಕೆ 1,50,000 ಕಮಿಷನ್ ಕೊಟ್ಟಿದ್ದರೆ, ಇಂಡ್ ಎಎಸ್ ಲೆಕ್ಕದಲ್ಲಿ ಅದೂ ಆಸ್ತಿಯಾಗಿ ನಿಂತು ತಿಂಗಳಿಗೆ 1,250ರಂತೆ ಖರ್ಚಾಗುತ್ತದೆ. ಆದಾಯವನ್ನು ಹಂಚಿ ಕಮಿಷನ್ನನ್ನು ಮಾತ್ರ ಮೊದಲ ವರ್ಷಕ್ಕೇ ಹಾಕಿಕೊಂಡು ನಷ್ಟ ತೋರಿಸುವ ಕಂಪನಿಗಳಿವೆ. ಒಪ್ಪಂದ ಆಗದಿದ್ದರೆ ಕೊಡಬೇಕಿಲ್ಲದ ಖರ್ಚಿಗೆ ಮಾತ್ರ ಈ ಸೌಲಭ್ಯ, ಮಾರಾಟ ಸಿಬ್ಬಂದಿಯ ಮಾಸಿಕ ಸಂಬಳಕ್ಕೆ ಇಲ್ಲ.

ಮಳಿಗೆ ನಡುವೆ ಮುಚ್ಚಿದಾಗ ಏನಾಗುತ್ತದೆ? 2028ರ ಮಾರ್ಚ್ 31ರಂದು ಒಪ್ಪಂದ ರದ್ದಾಯಿತು ಎನ್ನೋಣ. 43 ತಿಂಗಳಲ್ಲಿ 4,30,000 ಆದಾಯವಾಗಿದೆ, 7,70,000 ಹೊಣೆಯಲ್ಲಿ ಉಳಿದಿದೆ. ಹಣ ಮರಳಿಸಬೇಕಿಲ್ಲ, ನೀವು ಮಾಡಬೇಕಾದ ಕೆಲಸವೂ ಉಳಿದಿಲ್ಲ ಎಂದಾದರೆ ಆ 7,70,000 ಅದೇ ದಿನ ಆದಾಯವಾಗುತ್ತದೆ. ಇದರ ಫಲವಾಗಿ ಬಹಳ ಮಳಿಗೆಗಳು ಮುಚ್ಚಿದ ವರ್ಷವೇ ಶುಲ್ಕದ ಆದಾಯ ಹೆಚ್ಚಾಗಿ ಕಾಣುತ್ತದೆ. ವ್ಯವಹಾರ ಕುಗ್ಗುತ್ತಿರುವ ವರ್ಷದಲ್ಲಿ ಲಾಭ ಏರಿದಂತೆ ಕಾಣುವುದು ಓದುವವರನ್ನು ದಾರಿ ತಪ್ಪಿಸುವುದರಿಂದ, ರದ್ದತಿಯಿಂದ ಬಂದ ಮೊತ್ತವನ್ನು ಟಿಪ್ಪಣಿಯಲ್ಲಿ ಬೇರೆಯಾಗಿ ಹೇಳಬೇಕೆಂಬುದು ನನ್ನ ದೃಢ ಅಭಿಪ್ರಾಯ. ಫ್ರಾಂಚೈಸಿ ಬಾಗಿಲು ಹಾಕಿದ್ದಾನೆ ಆದರೆ ಒಪ್ಪಂದ ರದ್ದಾಗಿಲ್ಲ, ಮಾತುಕತೆ ನಡೆಯುತ್ತಿದೆ ಎಂಬ ಸ್ಥಿತಿಯಲ್ಲಿ ಹೊಣೆಯನ್ನು ಮುಟ್ಟಬಾರದು, ತಿಂಗಳ 10,000ವೇ ಮುಂದುವರಿಯಬೇಕು. ರದ್ದತಿಯ ಪತ್ರದ ದಿನಾಂಕವೇ ಇಲ್ಲಿ ಆಧಾರ.

ತೆರಿಗೆಗೂ ಲೆಕ್ಕಕ್ಕೂ ಇಲ್ಲಿ ದಾರಿ ಬೇರೆಯಾಗುತ್ತದೆ. ಜಿಎಸ್‌ಟಿಯಲ್ಲಿ ಬಿಲ್ಲು ಅಥವಾ ಹಣ, ಯಾವುದು ಮೊದಲೋ ಆಗಲೇ ತೆರಿಗೆ, ಆದ್ದರಿಂದ 2,16,000 ಪೂರ್ತಿಯಾಗಿ ಆ ತಿಂಗಳ ರಿಟರ್ನಿನಲ್ಲಿ ಹೋಗಬೇಕು, ನೀವು ಆದಾಯವನ್ನು ಹತ್ತು ವರ್ಷಕ್ಕೆ ಹಂಚಿದ್ದೀರಿ ಎಂಬುದು ಅಲ್ಲಿ ಲೆಕ್ಕಕ್ಕಿಲ್ಲ. ಪುಸ್ತಕದ ವಹಿವಾಟಿಗೂ ಜಿಎಸ್‌ಟಿ ವಹಿವಾಟಿಗೂ ಬರುವ ವ್ಯತ್ಯಾಸವನ್ನು ವರ್ಷದ ಕೊನೆಯ ಜಿಎಸ್‌ಟಿಆರ್-9ಸಿಯಲ್ಲಿ ತಾಳೆ ಹಾಕಬೇಕಾಗುತ್ತದೆ. ಆದಾಯ ತೆರಿಗೆಯಲ್ಲಿ, ವಾಪಸಾಗದ ಶುಲ್ಕ ಬಂದ ವರ್ಷವೇ ಪೂರ್ತಿ ಆದಾಯವೆಂದು ಇಲಾಖೆ ವಾದಿಸುವುದುಂಟು. ಟೈಮ್‌ಶೇರ್ ಸದಸ್ಯತ್ವ ಶುಲ್ಕದ ಪ್ರಕರಣದಲ್ಲಿ 2010ರಲ್ಲಿ ಚೆನ್ನೈನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠವು, ಮುಂದೆ ಸೇವೆ ಕೊಡುವ ಹೊಣೆ ಇರುವಾಗ ಪೂರ್ತಿ ಶುಲ್ಕವನ್ನು ಬಂದ ವರ್ಷಕ್ಕೇ ಹಾಕಲಾಗದೆಂದು ಹೇಳಿದ್ದು ಹಂಚುವವರ ಪರವಾಗಿದೆ, ಆದರೂ ನಿಮ್ಮ ಒಪ್ಪಂದದ ಮಾತುಗಳ ಮೇಲೆ ತೆರಿಗೆ ಸಲಹೆಗಾರರ ಲಿಖಿತ ಅಭಿಪ್ರಾಯ ಪಡೆಯಿರಿ. ತೆರಿಗೆಯಲ್ಲಿಯೂ ಹಂಚಿದರೆ ಟಿಡಿಎಸ್ ಕೂಡ ಹಂಚಿಹೋಗುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ: ಮೊದಲ ವರ್ಷ 70,000 ಆದಾಯಕ್ಕೆ ಸಿಗುವ ಟಿಡಿಎಸ್ ಜಮೆ 7,000 ಮಾತ್ರ, ಉಳಿದ 1,13,000 ಮುಂದಿನ ವರ್ಷಗಳಿಗೆ, ಇದು 1962ರ ಆದಾಯ ತೆರಿಗೆ ನಿಯಮಗಳಲ್ಲಿನ 37ಬಿಎ ನಿಯಮದ ಮಾತು. ತೆರಿಗೆಯನ್ನು ಪೂರ್ತಿ ಮೊದಲೇ ಕಟ್ಟಿದರೆ, ಶೇ 25.168ರ ದರದ ಕಂಪನಿಗೆ 11,30,000ರ ಮೇಲೆ ಸುಮಾರು 2,84,400 ರೂಪಾಯಿ ಮುಂದೂಡಿದ ತೆರಿಗೆಯ ಆಸ್ತಿಯಾಗಿ ಪುಸ್ತಕದಲ್ಲಿ ಬರುತ್ತದೆ.

ಕೊನೆಯದಾಗಿ ನಿಮ್ಮ ಹಿಂದಿನ ವರ್ಷಗಳ ಲೆಕ್ಕ. ಷೇರುಪೇಟೆಯಲ್ಲಿಲ್ಲದ, ನಿವ್ವಳ ಮೌಲ್ಯ 250 ಕೋಟಿಗಿಂತ ಕಡಿಮೆಯಿರುವ, ಅಂಥ ದೊಡ್ಡ ಗುಂಪಿಗೂ ಸೇರದ ಕಂಪನಿಗೆ ಇಂಡ್ ಎಎಸ್ ಕಡ್ಡಾಯವಲ್ಲ, ಆದಾಯದ ಬಗೆಗಿನ ಹಳೆಯ ಮಾನದಂಡ ಎಎಸ್ 9 ಸಾಕು. ಎಎಸ್ 9ರಲ್ಲಿ ಫ್ರಾಂಚೈಸಿ ಶುಲ್ಕದ ಹೆಸರು ನೇರವಾಗಿ ಇಲ್ಲ, ಆದರೆ ರಾಯಲ್ಟಿ ಒಪ್ಪಂದದ ಷರತ್ತಿನಂತೆ ಸಲ್ಲಬೇಕಾದಾಗ ಆದಾಯ ಎಂದಿದೆ, ಮತ್ತು ಪ್ರವೇಶ ಹಾಗೂ ಸದಸ್ಯತ್ವ ಶುಲ್ಕದ ಬಗ್ಗೆ, ಅದು ಮುಂದಿನ ಸೇವೆಗಳಿಗೆ ಹಕ್ಕು ಕೊಡುವಂಥದ್ದಾದರೆ ಸೇವೆಯ ಕಾಲ ಮತ್ತು ಸ್ವರೂಪಕ್ಕೆ ತಕ್ಕಂತೆ ಕ್ರಮವಾಗಿ ಹಂಚಬೇಕು ಎಂಬ ವಿವರಣೆ ಅದರ ಅನುಬಂಧದಲ್ಲಿದೆ. ಅದೇ ತರ್ಕ ನಿಮ್ಮ ಶುಲ್ಕಕ್ಕೂ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ, ಆದ್ದರಿಂದ ಪೂರ್ತಿ ಆದಾಯ ತೋರಿಸಿದ್ದು ಎಎಸ್ 9ರಡಿಯಲ್ಲೂ ಸರಿಯಾಗಿರಲಿಲ್ಲ. ಹಳೆಯ ಮಾನದಂಡದಲ್ಲೇ ಉಳಿಯುವುದಾದರೆ ತಿದ್ದುಪಡಿಯನ್ನು ಎಎಸ್ 5ರ ಪ್ರಕಾರ ಹಿಂದಿನ ಅವಧಿಯ ಬಾಬ್ತಾಗಿ ಈ ವರ್ಷದ ಲಾಭ-ನಷ್ಟ ಪಟ್ಟಿಯಲ್ಲಿ ಬೇರೆಯಾಗಿ ತೋರಿಸಬೇಕು. ಹೂಡಿಕೆದಾರರ ಮಾತಿನಂತೆ ಇಂಡ್ ಎಎಸ್‌ಗೆ ಹೋಗುವುದಾದರೆ ಇಂಡ್ ಎಎಸ್ 101ರ ಪ್ರಕಾರ ಪರಿವರ್ತನೆಯ ದಿನದ ಆರಂಭಿಕ ಬ್ಯಾಲೆನ್ಸ್ ಶೀಟಿನಲ್ಲಿ ಪ್ರತಿ ಮಳಿಗೆಯ ಉಳಿದ ಹೊಣೆಯನ್ನು ಮೀಸಲು ನಿಧಿಯಿಂದ ಕಳೆದು ಎದುರಿಗೆ ನಿಲ್ಲಿಸಬೇಕು, ಹಳೆಯ ತಪ್ಪಿನಿಂದ ಬಂದ ವ್ಯತ್ಯಾಸವನ್ನು ಮಾನದಂಡ ಬದಲಾದ್ದರಿಂದ ಬಂದ ವ್ಯತ್ಯಾಸದ ಜೊತೆ ಬೆರೆಸದೆ ಟಿಪ್ಪಣಿಯಲ್ಲಿ ಬೇರೆ ಬೇರೆಯಾಗಿ ಕೊಡಬೇಕು. ಒಮ್ಮೆ ಸ್ವಇಚ್ಛೆಯಿಂದ ಇಂಡ್ ಎಎಸ್ ಒಪ್ಪಿಕೊಂಡ ಕಂಪನಿ ಹಿಂದಿರುಗುವಂತಿಲ್ಲ, ಆದ್ದರಿಂದ ಕಂಪನಿಯ ಶಾಸನಬದ್ಧ ಲೆಕ್ಕವೇ ಇಂಡ್ ಎಎಸ್‌ನಲ್ಲಿ ಬೇಕೋ ಅಥವಾ ಅವರ ಪರಿಶೀಲನೆಗೆ ಮಾತ್ರ ಒಂದು ಪ್ರತ್ಯೇಕ ಪಟ್ಟಿ ಸಾಕೋ ಎಂದು ಹೂಡಿಕೆದಾರರಿಂದ ಬರವಣಿಗೆಯಲ್ಲಿ ಕೇಳಿ ತಿಳಿದುಕೊಂಡ ಮೇಲೆಯೇ ನಿರ್ದೇಶಕ ಮಂಡಳಿಯ ನಿರ್ಣಯ ಮಾಡಿ.